ಅಮ್ಮನ ಸೌದೆ ಒಲೆ ಬಿಡಿಸಬೇಕು: ಗ್ಯಾಸೋ, ಇಂಡಕ್ಷನ್ನೋ? (ಹೆತ್ತೂರು ಕಡೆಯ ಮನೆ)

ಹೆತ್ತೂರು ಹುಡುಗ

ಎಲ್ಲರಿಗೂ ನಮಸ್ಕಾರ. ನಾನಿರೋದು ಹಾಸನದಲ್ಲಿ, ಮನೆ ಸಕಲೇಶಪುರ ತಾಲೂಕಿನ ಹೆತ್ತೂರು ಹತ್ತಿರ. ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಪುಟ್ಟ ಮಗು. ಅಮ್ಮನಿಗೆ ಹೋದ ಮಳೆಗಾಲದಿಂದ ದಮ್ಮು. ಬಾವಿಯಿಂದ ಒಂದು ಕೊಡ ನೀರು ತಂದರೆ ಸಾಕು, ಜಗಲಿ ಮೇಲೆ ಕೂತುಬಿಡುತ್ತಾರೆ. ಡಾಕ್ಟರು ಇನ್ಹೇಲರ್ ಬರೆದುಕೊಟ್ಟು, ಒಲೆ ಮುಂದೆ ಕೂರಬೇಡಿ ಅಂದಿದ್ದಾರೆ.

ಹೆಂಚಿನ ಮನೆ, ಅಡುಗೆಮನೆ ಒಳಗೇ ಇದೆ, ಒಲೆಗೆ ಚಿಮಣಿ ಇಲ್ಲ. ಗ್ಯಾಸ್ ಇದೆ, ಆದರೆ ಅದು ಕಾಫಿಗೆ ಮತ್ತು ನೆಂಟರು ಬಂದಾಗ ಮಾತ್ರ. ಸೌದೆ ತೋಟದ್ದೇ, ಸಿಲ್ವರ್ ಓಕ್ ಕೊಂಬೆ, ಕಾಫಿ ಗಿಡ ಸವರಿದ ಕಡ್ಡಿ. ಸಿಲಿಂಡರ್ ಗಾಡಿ ನಮ್ಮ ರಸ್ತೆಗೆ ಬರಲ್ಲ, ಮೇನ್ ರೋಡಿಗೆ ಹೋಗಿ ಜೀಪಲ್ಲಿ ತರಬೇಕು. ಕರೆಂಟ್ ಬಿಲ್ ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದೆ. ಅದಕ್ಕೇ ಅಣ್ಣ ಹೇಳುತ್ತಾನೆ, ಇಂಡಕ್ಷನ್ ತಗೊಂಡರೆ ಅಡುಗೆ ಪುಕ್ಕಟೆ ಅಂತ. ಅಪ್ಪ ಹೇಳುತ್ತಾರೆ, ಸೌದೆ ಪುಕ್ಕಟೆ ಇರುವಾಗ ಅದೆಲ್ಲ ಯಾಕೆ ಅಂತ. ಯಾವುದು ಸರಿ? ಖರ್ಚು, ಹೊಗೆ ಎರಡೂ ನೋಡಿ ಹೇಳಿ.

ಕಳಸದ ತೋಟದವರು

ನಮ್ಮ ಅಜ್ಜಿ ತೊಂಬತ್ತರ ತನಕ ಸೌದೆ ಒಲೆ ಊದಿದವರು, ಒಂದು ದಿನ ಕೆಮ್ಮಿದ್ದು ನೋಡಿಲ್ಲ. ಒಲೆಯದು ತಪ್ಪಲ್ಲ, ಸೌದೆಯದು ತಪ್ಪು. ಜನವರಿಯಲ್ಲಿ ಒಡೆಸಿ, ಬಿಸಿಲಿಗೆ ಹಾಕಿ, ಮಳೆ ಹಿಡಿಯೋ ಮೊದಲು ಕೊಟ್ಟಿಗೆಗೆ ಸೇರಿಸಿದರೆ ಹೊಗೆಯೇ ಬರಲ್ಲ. ಈಗಿನವರು ಜೂನ್‌ನಲ್ಲಿ ಹಾಲವಾಣದ ಹಸಿ ಕೊಂಬೆ ಕಡಿದು ಒಲೆಗೆ ತುರುಕುತ್ತಾರೆ, ಆಮೇಲೆ ಒಲೆಯನ್ನು ಬಯ್ಯುತ್ತಾರೆ. ಇನ್ನೊಂದು ಮಾತು, ಅಟ್ಟಕ್ಕೆ ಹೊಗೆ ಬೇಕು. ಹೊಗೆ ನಿಂತರೆ ಮಾಡಿನ ಮರಕ್ಕೆ, ರೀಪು, ಪಕಾಸಿಗೆ ಹುಳ ಬೀಳುತ್ತದೆ. ಮೆಣಸು ಒಣಗಿಸೋದು ಎಲ್ಲಿ?

ಆಲೂರು ಸಿಸ್ಟರ್

ಕಳಸದ ಅಣ್ಣ ಹೇಳಿದ್ದರಲ್ಲಿ ಅರ್ಧ ನಿಜ. ಒಣ ಸೌದೆ ಉರಿದರೆ ಕಣ್ಣಿಗೆ ಕಾಣುವ ಹೊಗೆ ಕಡಿಮೆ. ಹಸಿ ಸೌದೆಯಲ್ಲಿ ಬೆಂಕಿಯ ಬಿಸಿಯೆಲ್ಲ ಮೊದಲು ನೀರು ಆರಿಸೋಕೆ ಹೋಗುತ್ತದೆ, ಕಟ್ಟಿಗೆ ಉರಿಯುವ ಬದಲು ಹೊಗೆಯಾಡುತ್ತದೆ. ಆದರೆ ಎದೆಯೊಳಗೆ ಇಳಿಯುವ ಸಣ್ಣ ಕಣ ಕಣ್ಣಿಗೆ ಕಾಣುವಂಥದ್ದಲ್ಲ. ಕಣ್ಣು ಉರಿಯಲಿಲ್ಲ ಅಂದ ಮಾತ್ರಕ್ಕೆ ಗಾಳಿ ಚೆನ್ನಾಗಿದೆ ಅಂತಲ್ಲ.

ನನಗೆ ಈ ವಿಷಯ ಮನದಟ್ಟಾಗಿದ್ದು ನಮ್ಮ ಮನೆಯಲ್ಲೇ. ಮಗಳು ಬೆಂಗಳೂರಿಂದ ಗಾಳಿ ಅಳೆಯುವ ಸಣ್ಣ ಮೀಟರ್ ತಂದಿದ್ದಳು. ಅತ್ತೆ ಒಲೆ ಹಚ್ಚುವಾಗ ಅವರ ಮುಖದ ಎತ್ತರಕ್ಕೆ ಹಿಡಿದೆವು. ಆ ಸಣ್ಣ ಕಣ ಎಷ್ಟಿದೆ ಅಂತ ತೋರಿಸೋ ಪಿಎಂ 2.5 ಅನ್ನೋ ಅಂಕಿ 999ಕ್ಕೆ ಹೋಗಿ ಅಲ್ಲೇ ನಿಂತಿತು. ಅದರಿಂದ ಮೇಲೆ ತೋರಿಸೋಕೆ ಆ ಮೀಟರ್‌ಗೇ ಬರಲ್ಲ. ಇಡೀ ದಿನದ ಸರಾಸರಿ 60 ದಾಟಬಾರದು ಅಂತ ನಮ್ಮ ದೇಶದ ನಿಯಮ, ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 15. ಚೆನ್ನಾಗಿ ಜ್ವಾಲೆ ಬಂದಮೇಲೆ ಅಂಕಿ ಇಳಿಯಿತು. ಊದುಗೊಳವೆ ಹಿಡಿದು ಬಗ್ಗಿದ ತಕ್ಷಣ ಮತ್ತೆ ಮೇಲೆ. ಹೆಚ್ಚು ಹೊಗೆ ಬರೋದು ಹಚ್ಚುವಾಗ, ಮತ್ತು ಅನ್ನ ಇಳಿಸಿದ ಮೇಲೆ ಕೊಳ್ಳಿ ಸುಮ್ನೆ ಹೊಗೆಯಾಡುವಾಗ. ಎರಡೂ ಹೊತ್ತಿನಲ್ಲಿ ಒಲೆಗೆ ಹತ್ತಿರ ಇರೋದು ಹೆಂಗಸರ ಮುಖವೇ.

ಹೆತ್ತೂರಿನವರೇ, ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಇದು. "ಬೆಳಗ್ಗೆ ಗ್ಯಾಸ್, ಮಧ್ಯಾಹ್ನ ಸೌದೆ" ಅಂತ ಅರ್ಧ ಬದಲಾಯಿಸಿದರೆ ಹೊಗೆ ಅರ್ಧ ಆಗಬಹುದು, ಅಮ್ಮನ ತೊಂದರೆ ಅರ್ಧ ಆಗಲ್ಲ. ಮಿತಿಗಿಂತ ಹತ್ತಾರು ಪಟ್ಟು ಇದ್ದದ್ದು ಅದರ ಅರ್ಧಕ್ಕೆ ಇಳಿದರೂ ಇನ್ನೂ ಮಿತಿಗಿಂತ ಎಷ್ಟೋ ಮೇಲೆಯೇ ಇರುತ್ತದೆ. ಮನೆಯೊಳಗೆ ಸೌದೆ ಉರಿಯೋದು ಪೂರ್ತಿ ನಿಲ್ಲಬೇಕು, ಆಗಲೇ ಗೊತ್ತಾಗುವಷ್ಟು ವ್ಯತ್ಯಾಸ. ಮಗು ಎಲ್ಲಿ ಮಲಗುತ್ತದೆ ಅಂತಲೂ ನೋಡಿ. ಹೆಂಚಿನ ಮನೆಯಲ್ಲಿ ಗೋಡೆ ಮಾಡಿನ ತನಕ ಹೋಗಿರಲ್ಲ, ಅಡುಗೆಮನೆ ಹೊಗೆ ಮೇಲಿಂದ ದಾಟಿ ಪಕ್ಕದ ಕೋಣೆಗೆ ಇಳಿಯುತ್ತದೆ.

ಕಾಫಿ ಕಟ್ಟೆ

ಚಿಕ್ಕಮಗಳೂರಲ್ಲಿ ಸಣ್ಣ ಹೋಟೆಲ್ ನಡೆಸುತ್ತೇನೆ, ಅನುಭವದಿಂದ ಹೇಳುತ್ತಿದ್ದೇನೆ. ಕರೆಂಟಲ್ಲಿ ಅಡುಗೆ ಅಂದರೆ ದಿವಾಳಿ. ನಾನು ದೋಸೆಗೆ ದೊಡ್ಡ ಇಂಡಕ್ಷನ್ ಹಾಕಿಸಿ ಬಿಲ್ ನೋಡಿ ಎದೆ ಒಡೆದುಕೊಂಡೆ. ವಾಪಸ್ 19 ಕೆಜಿ ಸಿಲಿಂಡರ್. ಕಣ್ಣು ಮುಚ್ಚಿಕೊಂಡು ಗ್ಯಾಸ್ ತಗೊಳ್ಳಿ.

ಹಳೇ ವೈರ್‌ಮನ್, ಬೇಲೂರು

ಕಟ್ಟೆಯವರೇ, ನಿಮ್ಮದು ವಾಣಿಜ್ಯ ಸಂಪರ್ಕ. ಅದರ ದರವೇ ಬೇರೆ, ಗೃಹಜ್ಯೋತಿಯೂ ಇಲ್ಲ. ಇವರು ಕೇಳುತ್ತಿರೋದು ಮನೆ ಲೆಕ್ಕ.

ಹೆತ್ತೂರಿನವರೇ, ಮೊದಲು ಬಿಲ್ ಕೈಗೆ ತಗೊಂಡು ಎರಡು ಅಂಕಿ ಹೇಳಿ. ತಿಂಗಳಿಗೆ ಎಷ್ಟು ಯೂನಿಟ್ ಉರಿಯುತ್ತಿದೆ, ನಿಮಗೆ ಅರ್ಹ ಅಂತ ಕೊಟ್ಟಿರೋ ಯೂನಿಟ್ ಎಷ್ಟು. ಬಿಲ್ ಸೊನ್ನೆ ಅಂದರೆ 200 ಯೂನಿಟ್ ತನಕ ಎಲ್ಲ ಪುಕ್ಕಟೆ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಹಾಗಿಲ್ಲ. ನಿಮ್ಮ 2022-23ರ ಸರಾಸರಿ ನೋಡಿ ಅದರ ಮೇಲೆ ಸ್ವಲ್ಪ ಸೇರಿಸಿ ಅರ್ಹ ಯೂನಿಟ್ ಇಟ್ಟಿರುತ್ತಾರೆ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಇನ್ನೊಂದು, ಸಿಲಿಂಡರ್‌ನಲ್ಲೇ ಪೂರ್ತಿ ಅಡುಗೆ ಮಾಡಿದರೆ ನಿಮ್ಮಲ್ಲಿ ಎಷ್ಟು ದಿನ ಬರುತ್ತದೆ?

ಹೆತ್ತೂರು ಹುಡುಗ

ಸಾರ್, ಬಿಲ್ ನೋಡಿದೆ. ಬಳಕೆ 62 ಯೂನಿಟ್ ಆಸುಪಾಸು, ಅರ್ಹ 72. ಹೋದ ವರ್ಷ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅತ್ತಿಗೆ ಗ್ಯಾಸ್‌ನಲ್ಲೇ ಎಲ್ಲ ಮಾಡುತ್ತಿದ್ದರು, ಒಂದೂವರೆ ತಿಂಗಳು ಬಂತು ಅಂತಾರೆ.

ಹಳೇ ವೈರ್‌ಮನ್, ಬೇಲೂರು

ಒಳ್ಳೇದಾಯಿತು, ಇದರಲ್ಲೇ ಲೆಕ್ಕ ಆಗುತ್ತದೆ.

14.2 ಕೆಜಿ ಸಿಲಿಂಡರ್‌ನಲ್ಲಿ ಇರೋ ಶಾಖವನ್ನು ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 180 ಯೂನಿಟ್. ಗ್ಯಾಸ್ ಒಲೆಯಲ್ಲಿ ಅದರ ಮೂರನೇ ಒಂದು ಪಾಲು ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಗುತ್ತದೆ. ಪಾತ್ರೆಗೆ ಸೇರೋದು 120ರ ಹತ್ತಿರ. ಇಂಡಕ್ಷನ್‌ನಲ್ಲಿ ತಳವೇ ಕಾಯೋದರಿಂದ ನಷ್ಟ ಕಡಿಮೆ, ಅದೇ 120ಕ್ಕೆ 140 ಯೂನಿಟ್ ಕರೆಂಟ್ ಸಾಕು. ಅಂದರೆ ಒಂದು ಸಿಲಿಂಡರ್ ಕೆಲಸ ಸುಮಾರು 140 ಯೂನಿಟ್. ನಿಮಗೆ ಸಿಲಿಂಡರ್ ಒಂದೂವರೆ ತಿಂಗಳು ಬರುತ್ತದೆ ಅಂದರೆ ತಿಂಗಳಿಗೆ 93 ಯೂನಿಟ್.

ಈಗ ನಿಮ್ಮ ಬಿಲ್ಲಿಗೆ ಸೇರಿಸಿ. 62ಕ್ಕೆ 93 ಸೇರಿದರೆ 155. ಅರ್ಹ 72 ಕಳೆದರೆ 83 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ ₹7 ಅಂತ ಇಟ್ಟುಕೊಂಡರೆ ₹580. ಗ್ಯಾಸ್‌ನಲ್ಲಿ ಮಾಡಿದರೆ? ಸಿಲಿಂಡರ್ ₹900 ಅಂತ ಹಿಡಿದು ತಿಂಗಳಿಗೆ ₹600. ಹೆಚ್ಚೂ ಕಡಿಮೆ ಸಮ. ನಿಮ್ಮ ಅಣ್ಣ ಹೇಳಿದ ಪುಕ್ಕಟೆ ಅನ್ನೋದು ಬರೀ ಹತ್ತು ಯೂನಿಟ್ಟಿನದು.

ಅಮ್ಮನ ಹೆಸರಲ್ಲಿ ಉಜ್ವಲ ಸಂಪರ್ಕ ಇದ್ದರೆ ಸಿಲಿಂಡರ್‌ಗೆ ₹300 ವಾಪಸ್ ಬರುತ್ತದೆ, ಆಗ ಗ್ಯಾಸ್ ತಿಂಗಳಿಗೆ ₹400, ಅದೇ ಅಗ್ಗ. ದರ ಮೇಲೆ ಕೆಳಗೆ ಆಗುತ್ತಿರುತ್ತದೆ, ನಿಮ್ಮ ಅಂಕಿ ಹಾಕಿ ನೋಡಿಕೊಳ್ಳಿ.

ಮನೆ ಬಳಕೆಯೇ 110 ಯೂನಿಟ್ ಇರೋರು ಹುಷಾರು. 110ಕ್ಕೆ 93 ಸೇರಿದರೆ 203. ಮೂರು ಯೂನಿಟ್ಟಿಗಾಗಿ ಪೂರ್ತಿ ಬಿಲ್ ಮೈಮೇಲೆ. ಅಂಥವರು ಅರ್ಧ ಅಡುಗೆ ಗ್ಯಾಸ್‌ನಲ್ಲೇ ಇಟ್ಟುಕೊಳ್ಳಬೇಕು.

ಮೂಡಿಗೆರೆ ಅಕ್ಕ

ದುಡ್ಡಿನ ಲೆಕ್ಕ ಗಂಡಸರು ಮಾಡಿ ಮುಗಿಸಿದ್ದೀರಿ. ಪಾತ್ರೆ ಲೆಕ್ಕ ಯಾರೂ ಕೇಳಲಿಲ್ಲ!

ಇಂಡಕ್ಷನ್ ತಂದ ದಿನವೇ ಗೊತ್ತಾಗುತ್ತದೆ, ಮನೆಯ ಮುಕ್ಕಾಲು ಪಾತ್ರೆ ಅದರ ಮೇಲೆ ಕೂರಲ್ಲ ಅಂತ. ಅಲ್ಯೂಮಿನಿಯಂ ಡಬರಿ, ಹಿಂಡಾಲಿಯಂ, ಹಿತ್ತಾಳೆ, ತಾಮ್ರ ಯಾವುದೂ ಕಾಯಲ್ಲ. ಫ್ರಿಜ್ ಮೇಲೆ ಅಂಟಿಸೋ ಅಯಸ್ಕಾಂತ ತಗೊಂಡು ತಳಕ್ಕೆ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿಕೊಂಡರೆ ಆಯಿತು. ಸ್ಟೀಲ್ ಅಂದಾಕ್ಷಣ ಆಗುತ್ತದೆ ಅಂತಲ್ಲ, ಕೆಲವು ಸ್ಟೀಲ್ ಪಾತ್ರೆಗೆ ಅಯಸ್ಕಾಂತ ಅಂಟಲ್ಲ. ತಳ ಚಪ್ಪಟೆ ಇರಬೇಕು, ಗುಂಡು ತಳದ ಬಾಣಲೆ ನಡೆಯಲ್ಲ. ಕುಕ್ಕರ್, ಒಂದೆರಡು ಪಾತ್ರೆ, ತವಾ ಹೊಸದಾಗಿ ತರಬೇಕು ಅಂದರೆ ಒಲೆಗಿಂತ ಪಾತ್ರೆಗೇ ದುಡ್ಡು ಜಾಸ್ತಿ.

ಅಡುಗೆ ವಿಷಯಕ್ಕೆ ಬಂದರೆ ಅನ್ನ, ಸಾರು, ಹಾಲು, ಕಡುಬು ಬೇಯಿಸೋದು ಎಲ್ಲ ಇಂಡಕ್ಷನ್‌ನಲ್ಲಿ ಸಲೀಸು. ಕಷ್ಟ ಅಕ್ಕಿ ರೊಟ್ಟಿಗೆ. ತವಾ ಮೇಲೆ ಬೇಯುತ್ತದೆ, ಆದರೆ ಕೆಂಡದ ಮೇಲಿಟ್ಟು ಉಬ್ಬಿಸೋ ಹಾಗಿಲ್ಲವಲ್ಲ. ಗ್ಯಾಸ್ ಉರಿ ಮೇಲೆ ಜಾಲರಿ ಇಟ್ಟು ಉಬ್ಬಿಸುತ್ತೇನೆ, ನಮ್ಮನೆಯವರು ಈಗ ಅದಕ್ಕೇ ಒಗ್ಗಿದ್ದಾರೆ. ಹುರುಳಿ ಕಟ್ಟು ಕುದಿಸೋಕೆ ಮಾತ್ರ ನಮ್ಮತ್ತೆ ಸೌದೆ ಒಲೆಯೇ ಬೇಕು ಅಂತಾರೆ. ಗಂಟೆಗಟ್ಟಲೆ ಕುದಿಯಬೇಕು, ಗ್ಯಾಸ್ ಖರ್ಚು ಮಾಡೋಕೆ ಅವರಿಗೆ ಹೊಟ್ಟೆ ಉರಿಯುತ್ತದೆ. ನಿಮ್ಮಮ್ಮನೂ ಬಿಡದೇ ಇರೋದು ಇಂಥ ಒಂದು ಅಡುಗೆಗೇ ಇರಬೇಕು, ಕೇಳಿ ನೋಡಿ. ಕುಕ್ಕರ್‌ನಲ್ಲಿ ಹುರುಳಿ ಮೊದಲು ಬೇಯಿಸಿಕೊಂಡರೆ ಆಮೇಲೆ ಕುದಿಸೋ ಹೊತ್ತು ತುಂಬ ಇಳಿಯುತ್ತದೆ.

ಅಂದಹಾಗೆ, ನಿಮ್ಮನೆ ಬಚ್ಚಲ ಒಲೆ ಎಲ್ಲಿದೆ? ಅದರ ಮಾತೇ ಬರಲಿಲ್ಲ.

ಹೆತ್ತೂರು ಹುಡುಗ

ಅಕ್ಕ, ಬಚ್ಚಲು ಅಡುಗೆಮನೆಗೆ ಅಂಟಿಕೊಂಡೇ ಇದೆ. ಹಂಡೆ ಒಲೆಗೆ ಬೆಂಕಿ ಹಾಕೋದು ಅಡುಗೆಮನೆ ಒಳಗಿಂದಲೇ, ಗೋಡೆಯಲ್ಲಿ ಬಾಯಿ ಇದೆ. ನಾನು ಬರೀ ಅಡುಗೆ ಒಲೆ ಬಗ್ಗೆ ಯೋಚನೆ ಮಾಡುತ್ತಿದ್ದೆ.

ಮೂಡಿಗೆರೆ ಅಕ್ಕ

ಹಾಗಾದರೆ ಅಲ್ಲೇ ಇದೆ ಗುಟ್ಟು. ಮಳೆಗಾಲದಲ್ಲಿ ನಮ್ಮ ಕಡೆ ಹಂಡೆ ಒಲೆ ಆರೋದೇ ಇಲ್ಲ. ಕೈ ತೊಳೆಯೋಕೂ ಬಿಸಿನೀರು, ದನಕ್ಕೂ ಬಿಸಿನೀರು, ಒಗೆದ ಬಟ್ಟೆ ಒಣಗಿಸೋದೂ ಅದರ ಹತ್ತಿರವೇ. ಮುಂದಿನ ಸಲ ಊರಿಗೆ ಹೋದಾಗ ಕಾಫಿ ತೂಗೋ ತಕ್ಕಡಿಯಲ್ಲಿ ಒಂದು ದಿನದ ಸೌದೆ ತೂಕ ಹಾಕಿ. ಹಂಡೆಗೆ ಬೇರೆ, ಅಡುಗೆಗೆ ಬೇರೆ ರಾಶಿ ಇಟ್ಟು ತೂಗಿ.

ಕಳಸದ ತೋಟದವರು

ಈಗ ಸೌದೆಯನ್ನೂ ತೂಕ ಹಾಕೋ ಕಾಲ ಬಂತಾ! ಸರಿ, ತೂಗಿ ನೋಡಿ.

ಅರಸೀಕೆರೆ ಗೌಡ್ರು

ನಮ್ಮ ಕಡೆ ಬಯಲುಸೀಮೆ, ತೆಂಗಿನ ಗರಿ, ಕರಟ ಬೇಕಾದಷ್ಟು. ನಾಲ್ಕು ಹಸು ಇದೆ, ಗೋಬರ್ ಗ್ಯಾಸ್ ಹಾಕಿಸಿದ್ದೇನೆ. ಹೊಗೆ ಇಲ್ಲ, ಬಿಲ್ ಇಲ್ಲ, ಗೊಬ್ಬರವೂ ಸಿಗುತ್ತದೆ. ನೀವ್ಯಾಕೆ ಗ್ಯಾಸ್, ಇಂಡಕ್ಷನ್ ಅಂತ ಒದ್ದಾಡುತ್ತಿದ್ದೀರಿ? ಸೋಲಾರ್ ನೀರಿನ ಹೀಟರ್ ಹಾಕಿಸಿ, ಹಂಡೆ ಒಲೆಯೂ ಬೇಡ.

ಹೆತ್ತೂರು ಹುಡುಗ

ಗೌಡ್ರೇ, ನಮ್ಮಲ್ಲಿ ಈಗ ಒಂದೇ ಹಸು. ಸೋಲಾರ್ ಬಗ್ಗೆ ಏನು ಹೇಳಲಿ, ಬಿಸಿನೀರು ಬೇಕಾಗಿರೋದೇ ಜೂನ್‌ನಿಂದ ಸೆಪ್ಟೆಂಬರ್. ಆಗ ಹೆತ್ತೂರಲ್ಲಿ ಸೂರ್ಯನ ಮುಖ ನೋಡಿದವರು ಯಾರು? 😀

ಆದರೆ ಹೀಟರ್ ಅಂದಮೇಲೆ ನೆನಪಾಯಿತು, ಕರೆಂಟ್ ಗೀಸರ್ ಹಾಕಿದರೆ ಹೇಗೆ?

ಹಳೇ ವೈರ್‌ಮನ್, ಬೇಲೂರು

ಹಾಕಬೇಡಿ. ನಾಲ್ಕು ಜನಕ್ಕೆ ದಿನಕ್ಕೆ ನೂರು ಲೀಟರ್ ಹದ ಬಿಸಿನೀರು ಅಂದರೂ ಸುಮಾರು 3 ಯೂನಿಟ್. ತಿಂಗಳಿಗೆ 90. ಇಂಡಕ್ಷನ್ ಸೇರಿ ಆಗಲೇ 155 ಆಗಿತ್ತು, ಇದೂ ಸೇರಿದರೆ 245. ಗೃಹಜ್ಯೋತಿ ಪೂರ್ತಿ ಹೋಯಿತು, ಬರೀ ಯೂನಿಟ್ ದುಡ್ಡೇ ₹1,700 ದಾಟುತ್ತದೆ, ಮೇಲೆ ನಿಗದಿತ ಶುಲ್ಕ. ಅಡುಗೆಯಷ್ಟೇ ಶಾಖ ಸ್ನಾನಕ್ಕೂ ಬೇಕು ಅಂತ ಜನಕ್ಕೆ ಅಂದಾಜೇ ಇರಲ್ಲ.

ಬಚ್ಚಲಲ್ಲಿ ಗ್ಯಾಸ್ ಗೀಸರ್ ಅಂತೂ ಯಾರು ಹೇಳಿದರೂ ಬೇಡ. ಕಿಟಕಿ ಇಲ್ಲದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡರೆ ವಾಸನೆಯೂ ಬರಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಬೀಳುತ್ತಾರೆ.

ಆಲೂರು ಸಿಸ್ಟರ್

ಅದೇ ಕಾರಣಕ್ಕೆ ಇನ್ನೊಂದು ಮಾತು. ಮಳೆಗಾಲದ ಚಳಿಗೆ ಬಾಣಲೆಯಲ್ಲಿ ಕೆಂಡ ತುಂಬಿ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಂಡು ಮಲಗುತ್ತಾರಲ್ಲ, ಬಾಣಂತಿ ಕೋಣೆಯಲ್ಲಂತೂ ಇದು ಜಾಸ್ತಿ. ಕೆಂಡದಲ್ಲಿ ಹೊಗೆ ಕಾಣಲ್ಲ, ಅದಕ್ಕೇ ಹೆದರಿಕೆಯೂ ಇರಲ್ಲ. ಅದೂ ಅದೇ ವಿಷ. ಮಗು ಇರೋ ಮನೆ ಅಂತ ಹೇಳಿದೆ.

ಹೆತ್ತೂರು ಹುಡುಗ

ಈ ವಾರ ಊರಿಗೆ ಹೋಗಿದ್ದೆ. ಅತ್ತಿಗೆ ಜೊತೆ ಸೇರಿ ತೂಕ ಹಾಕಿದೆ. ಒಂದು ದಿನಕ್ಕೆ ಒಟ್ಟು 13 ಕೆಜಿ ಹತ್ತಿರ ಸೌದೆ. ಅದರಲ್ಲಿ ಎಂಟು ಕೆಜಿ ಹಂಡೆಗೇ! ಅಪ್ಪನಿಗೂ ಆಶ್ಚರ್ಯ.

ಸೌದೆ ಪುಕ್ಕಟೆ ಅನ್ನೋದಕ್ಕೂ ಉತ್ತರ ಸಿಕ್ಕಿತು. ಅಪ್ಪ ಪ್ರತಿ ವರ್ಷ ಸೌದೆ ಒಡೆಸೋಕೆ, ಕೊಟ್ಟಿಗೆಗೆ ಸಾಗಿಸೋಕೆ ಆಳು ಕರೆಯುತ್ತಾರೆ. ಆ ಕೂಲಿ ತೋಟದ ಖರ್ಚಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಹಾಗಾಗಿ ಮನೆ ಖರ್ಚಿನಲ್ಲಿ ಕಾಣಿಸಿಯೇ ಇಲ್ಲ. ಅಣ್ಣ ಪುಸ್ತಕ ತೆಗೆದು ಕೂಡಿಸಿದ. ವರ್ಷಕ್ಕೆ ಐದಾರು ಸಿಲಿಂಡರ್ ದುಡ್ಡು ಅಲ್ಲೇ ಹೋಗುತ್ತಿದೆ. ಅಪ್ಪ ಆ ವಿಷಯ ಮುಂದುವರಿಸಲಿಲ್ಲ, ಮೆಣಸಿನ ಬಳ್ಳಿ ನೋಡೋಕೆ ಅಂತ ಎದ್ದು ಹೋದರು.

ಈಗ ಪ್ರಶ್ನೆ ಬೇರೆ ಆಗಿದೆ. ಅಡುಗೆ ಒಲೆ ಬಿಟ್ಟರೂ ಹಂಡೆ ಒಲೆ ಹೊಗೆ ಅಡುಗೆಮನೆಗೇ ಬರುತ್ತದಲ್ಲ, ಏನು ಮಾಡೋದು?

ಒಲೆ ಮೇಸ್ತ್ರಿ, ಕೊಪ್ಪ

ನಾನು ಹಿಂದೆ ಅಸ್ತ್ರ ಒಲೆ ಕಟ್ಟುತ್ತಿದ್ದವನು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನವರು 1980ರ ದಶಕದಲ್ಲಿ ಹೊರತಂದ ಒಲೆ, ಮೂರು ಪಾತ್ರೆ ಕೂರುತ್ತವೆ, ಕೆಳಗೆ ಬೂದಿ ಬೀಳೋ ಜಾಲರಿ, ಹಿಂದೆ ಚಿಮಣಿ. ಸರಿಯಾಗಿ ಕಟ್ಟಿ, ಸರಿಯಾಗಿ ಬಳಸಿದರೆ ಸೌದೆ ಅರ್ಧ ಉಳಿಯುತ್ತದೆ. ಅಡುಗೆಗೆ ಅದನ್ನೇ ಯಾಕೆ ಹೇಳುತ್ತಿಲ್ಲ ಅಂದರೆ, ಕಟ್ಟಿದ ಎಷ್ಟೋ ಒಲೆ ಆಮೇಲೆ ಹಾಳಾಗಿದ್ದನ್ನು ನಾನೇ ನೋಡಿದ್ದೇನೆ. ತೂತಿನ ಅಳತೆಗೆ ಸರಿಯಾದ ಪಾತ್ರೆ ಕೂರಬೇಕು. ದೊಡ್ಡ ಕೊಳ್ಳಿ ತುರುಕಬೇಕು ಅಂತ ಬಾಯಿ ಅಗಲ ಮಾಡುತ್ತಾರೆ, ಎರಡನೇ ತೂತಿನ ಮೇಲೆ ಪಾತ್ರೆ ಇಡದೆ ತೆರೆದು ಬಿಡುತ್ತಾರೆ. ಅಷ್ಟಾದರೆ ಮುಗಿಯಿತು, ಚಿಮಣಿಗೆ ಎಳೆತ ಇರಲ್ಲ, ಹೊಗೆ ಮತ್ತೆ ಮುಖಕ್ಕೇ. ದಮ್ಮು ಇರೋರ ಅಡುಗೆಮನೆಗೆ ಅದು ಬೇಡ.

ಹಂಡೆ ಒಲೆ ಹಾಗಲ್ಲ. ಹಂಡೆ ಯಾವಾಗಲೂ ಒಂದೇ, ತೆಗೆಯೋದೂ ಇಲ್ಲ, ಸುತ್ತ ಮಣ್ಣು ಮೆತ್ತಿ ಮುಚ್ಚಬಹುದು. ಚಿಮಣಿ ಸರಿಯಾಗಿ ಕೆಲಸ ಮಾಡೋದು ಇಂಥ ಒಲೆಯಲ್ಲೇ. ಮಾಡಬೇಕಾದ್ದು ಎರಡೇ. ಅಡುಗೆಮನೆ ಒಳಗಿರೋ ಬಾಯಿಯನ್ನು ಇಟ್ಟಿಗೆ ಇಟ್ಟು ಮುಚ್ಚಿ, ಹೊರಗಿನ ಗೋಡೆಯಲ್ಲಿ ಹೊಸ ಬಾಯಿ ತೆಗೆಸಿ. ಬೆಂಕಿ ಹಾಕೋದು ಹೊರಗಿಂದ. ಮೇಲೆ ನಾಲ್ಕಡಿ ಮಾಡು ಇಳಿಸಿದರೆ ಮಳೆಯಲ್ಲೂ ನಡೆಯುತ್ತದೆ. ಎರಡನೇದು ಚಿಮಣಿ, ನಾಲ್ಕಿಂಚಿನ ಪೈಪ್ ಸಾಕು. ಅಡ್ಡ ತಿರುವು ಕೊಡದೆ ನೇರ ಮೇಲಕ್ಕೆ ಒಯ್ದು, ಮಾಡಿನ ತುದಿಗಿಂತ ಎರಡಡಿ ಮೇಲೆ ಬರಬೇಕು. ಸೂರಿನ ಹತ್ತಿರವೇ ಮುಗಿಸಿದರೆ ಮಳೆಗಾಲದ ಗಾಳಿ ಮಾಡಿಗೆ ಬಡಿದು ಕೆಳಗೆ ಒತ್ತುತ್ತದೆ, ಹೊಗೆ ಹಿಂದಕ್ಕೆ ಬರುತ್ತದೆ.

ಚಿಮಣಿ ಎಳೆಯುತ್ತಿದೆಯಾ ಅಂತ ನೋಡೋಕೆ ಒಂದು ಊದುಬತ್ತಿ ಸಾಕು. ಒಲೆ ಉರಿಯುವಾಗ ಬಾಯಿ ಹತ್ತಿರ ಹಿಡಿಯಿರಿ, ಅದರ ಹೊಗೆ ಒಳಗೆ ಹೋಗಬೇಕು. ಹೊರಗೆ ಬಂದರೆ ಪೈಪಲ್ಲಿ ಮಸಿ ಕಟ್ಟಿದೆ ಅಂತ. ಹಸಿ ಸೌದೆ ಹಾಕೋರು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಸಿ ತೆಗೆಯಲೇಬೇಕು.

ಕಳಸದ ತೋಟದವರು

ಮೇಸ್ತ್ರಿ, ಹೆಂಚಿನ ಮಾಡಿಗೆ ಪೈಪ್ ತೂರಿಸಿದರೆ ಆ ಜಾಗದಲ್ಲಿ ಸೋರುತ್ತದೆ. ನಮ್ಮನೆಯಲ್ಲಿ ಯಾವ ಟಾರು, ಯಾವ ಸಿಮೆಂಟ್ ಹಾಕಿದರೂ ನಿಂತಿಲ್ಲ. ಜುಲೈ ಗಾಳಿಗೆ ಪೈಪ್ ಅಲ್ಲಾಡಿ ಮತ್ತೆ ಬಿರುಕು ಬಿಡುತ್ತದೆ.

ಒಲೆ ಮೇಸ್ತ್ರಿ, ಕೊಪ್ಪ

ಅದಕ್ಕೇ ಹೊರಗಿನ ಗೋಡೆ ಪಕ್ಕದಲ್ಲಿ ಒಯ್ಯಿರಿ ಅನ್ನೋದು, ಮಾಡು ತೂತು ಮಾಡಬೇಡಿ. ಸೂರಿಂದ ಆಚೆ ನಿಲ್ಲಿಸಿ ಕಬ್ಬಿಣದ ಪಟ್ಟಿಯಲ್ಲಿ ಗೋಡೆಗೆ ಕಟ್ಟಬೇಕು. ಒಂದು ತಿರುವು ಬರುತ್ತದೆ, ಅಷ್ಟು ನಡೆಯುತ್ತದೆ.

ಕಳಸದ ತೋಟದವರು

ಎರಡಡಿ ಮೇಲೆ ಹೋದ ಪೈಪ್ ನಮ್ಮ ಘಾಟಿಯ ಗಾಳಿಗೆ ನಿಲ್ಲುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಕೊಪ್ಪದ ಗಾಳಿ ಬೇರೆ, ಹೆತ್ತೂರಿನ ಗಾಳಿ ಬೇರೆ. ನಾನು ಸೂರಿನ ಮಟ್ಟಕ್ಕೇ ನಿಲ್ಲಿಸಿ ಟೋಪಿ ಹಾಕಿದ್ದೇನೆ, ಸ್ವಲ್ಪ ಹೊಗೆ ವಾಪಸ್ ಬರುತ್ತದೆ, ಹೊರಗೇ ಇರೋದರಿಂದ ಯಾರಿಗೂ ತೊಂದರೆ ಇಲ್ಲ.

ಹೆತ್ತೂರು ಹುಡುಗ

ಮನೆಯಲ್ಲಿ ಮಾತಾಯಿತು. ಹಂಡೆ ಒಲೆ ಬಾಯಿ ಹೊರಗೆ ತಿರುಗಿಸೋಕೆ ಅಪ್ಪ ಒಪ್ಪಿದ್ದಾರೆ, ಹಂಡೆಗೆ ಸೌದೆ ಮುಂದುವರಿಯುತ್ತದೆ ಅಂದಮೇಲೆ ಅವರಿಗೂ ಸಮಾಧಾನ. ಮೆಣಸು ಒಣಗಿಸೋದಕ್ಕೆ ಹಂಡೆ ಮಾಡಿನ ಕೆಳಗೇ ಒಂದು ಅಟ್ಟ ಮಾಡುತ್ತಾರಂತೆ. ಅಡುಗೆ ಗ್ಯಾಸ್ ಮತ್ತು ಇಂಡಕ್ಷನ್ ಎರಡರಲ್ಲೂ. ಅತ್ತಿಗೆ ಲೆಕ್ಕ ಹೀಗಿದೆ: ಅನ್ನ, ಹಾಲು, ಕಾಫಿ ನೀರು ಇಂಡಕ್ಷನ್, ರೊಟ್ಟಿ, ಒಗ್ಗರಣೆ, ಕರೆಂಟ್ ಹೋದಾಗಿನ ಅಡುಗೆ ಗ್ಯಾಸ್. ಆಗ ಜೀಪಲ್ಲಿ ಸಿಲಿಂಡರ್ ತರೋ ಓಡಾಟವೂ ಅರ್ಧ ಆಗುತ್ತದೆ.

ಅಮ್ಮ ಮಾತ್ರ ಅಡುಗೆ ಒಲೆ ಒಡೆಯೋದು ಬೇಡ, ಹಬ್ಬಕ್ಕೆ ಬೇಕು ಅಂತಾರೆ. ಒತ್ತಾಯ ಮಾಡೋಕೆ ನನಗೆ ಮನಸ್ಸಿಲ್ಲ.

ಆಲೂರು ಸಿಸ್ಟರ್

ಇದ್ದರೆ ಹಚ್ಚುತ್ತಾರೆ. ನೂರಾರು ಮನೆ ನೋಡಿ ಹೇಳುತ್ತಿದ್ದೇನೆ. ಮೊದಲು ಹಬ್ಬಕ್ಕೆ, ಆಮೇಲೆ ಸಿಲಿಂಡರ್ ಮುಗಿದಾಗ, ಆಮೇಲೆ ಹುರುಳಿ ಕಟ್ಟಿಗೆ, ಕೊನೆಗೆ ದಿನಾ. ಒಡೆಯದಿದ್ದರೆ ಅದರ ಮೇಲೆ ಕಡಪ ಕಲ್ಲು ಹಾಕಿ ಇಂಡಕ್ಷನ್ ಅಲ್ಲೇ ಕೂರಿಸಿ. ಹಬ್ಬದ ಒಲೆ ಬೇಕಿದ್ದರೆ ಹಂಡೆ ಮಾಡಿನ ಪಕ್ಕ ಹೊರಗೆ ಕಟ್ಟಿಸಿಕೊಡಿ.

ಮೂಡಿಗೆರೆ ಅಕ್ಕ

ಸಿಸ್ಟರ್, ಅಷ್ಟು ಗಡಸು ಆದರೆ ಹೇಗೆ? ಅವರ ಒಲೆ, ಅವರೇ ಸಾರಿಸಿ ರಂಗೋಲಿ ಇಟ್ಟಿದ್ದು. ಹೊರಗಿನ ಒಲೆ ಮೊದಲು ಕಟ್ಟಿಸಿ, ಒಳಗಿನದು ಅವರೇ ಬಿಡಲಿ.

ಆಲೂರು ಸಿಸ್ಟರ್

ಮಳೆಗಾಲದ ಒಳಗೆ ಬಿಟ್ಟರೆ ಸರಿ ಅಕ್ಕ. ಅವರ ಎದೆ ಅಷ್ಟು ಕಾಯಲ್ಲ.

ಹಳೇ ವೈರ್‌ಮನ್, ಬೇಲೂರು

ಒಲೆ ಉಳಿಸಿಕೊಂಡರೆ ಒಂದು ಎಚ್ಚರಿಕೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಪೈಪಿನಲ್ಲಿ ಸೋರಿದರೆ ಮೇಲೆ ಹೋಗಲ್ಲ, ನೆಲದ ಮೇಲೆ ನೀರಿನ ಹಾಗೆ ಹರಡಿ ತಗ್ಗಿನ ಜಾಗಕ್ಕೆ ಸೇರುತ್ತದೆ. ನೆಲಮಟ್ಟದ ಸೌದೆ ಒಲೆಯಲ್ಲಿ ಕೆಂಡ ಇದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಒಂದೇ ಕೋಣೆಯಲ್ಲಿ ಎರಡೂ ಬೇಡ.

ಇಂಡಕ್ಷನ್ ವಿಷಯಕ್ಕೆ, ಮಿಕ್ಸಿ ಹಾಕೋ ಸಣ್ಣ ಪ್ಲಗ್‌ಗೆ ಚುಚ್ಚಬೇಡಿ. ಅದು 6 ಆಂಪ್ಸ್ ತಡೆಯೋದು. ಎರಡು ಸಾವಿರ ವ್ಯಾಟ್ ಇಂಡಕ್ಷನ್ ಹತ್ತಿರ ಹತ್ತಿರ 9 ಆಂಪ್ಸ್ ಎಳೆಯುತ್ತದೆ. 16 ಆಂಪ್ಸ್ ಪವರ್ ಪ್ಲಗ್ ಬೇಕು. ಬೋರ್ಡಿಂದ ಬೇರೆಯೇ 2.5 ಎಂಎಂ ವೈರ್ ಎಳೆಸಿ, ಅರ್ಥಿಂಗ್ ಇದೆಯಾ ನೋಡಿಸಿ. ಹಳೇ ಮನೆಗಳಲ್ಲಿ ಮೂರನೇ ಪಿನ್ನಿನ ತೂತು ಇರುತ್ತದೆ, ಹಿಂದೆ ವೈರೇ ಇರಲ್ಲ. ಅನ್ನ ಮಾಡಿ ಮುಗಿಸಿದ ತಕ್ಷಣ ಸ್ವಿಚ್ ಆರಿಸಿ, ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡೋಕೆ ಆಗದಷ್ಟು ಬಿಸಿ ಇದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಬಳಸಬೇಡಿ.

ಕೊಳ್ಳೋ ಮೊದಲು ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ ನೋಡಿಸಿ. ನಿಮ್ಮದು ಲೈನಿನ ಕೊನೆ ಮನೆ ಆಗಿದ್ದರೆ, ಎಲ್ಲರೂ ಮೋಟಾರ್ ಹಾಕಿದಾಗ ವೋಲ್ಟೇಜ್ ತುಂಬ ಇಳಿಯುತ್ತದೆ. ಇಂಡಕ್ಷನ್ ಎರರ್ ತೋರಿಸಿ ನಿಂತುಬಿಡುತ್ತದೆ. ಮನೆ ಇನ್ವರ್ಟರ್ ಅದನ್ನು ಓಡಿಸಲ್ಲ.

ಹೆತ್ತೂರು ಹುಡುಗ

ಸಾರ್, ನಮ್ಮದು ಲೈನಿನ ಕೊನೆ ಮನೆಯೇ. ಸಂಜೆ ಬಲ್ಬು ಮಂಕಾಗೋದು ಅದಕ್ಕೇ ಇರಬೇಕು.

ಹಳೇ ವೈರ್‌ಮನ್, ಬೇಲೂರು

ಹಾಗಾದರೆ ರಾತ್ರಿ ಅಡುಗೆ ಗ್ಯಾಸ್‌ನಲ್ಲೇ ಅಂತ ಲೆಕ್ಕ ಹಾಕಿಕೊಳ್ಳಿ. ಲೈನ್‌ಮನ್‌ಗೆ ಅರ್ಜಿ ಕೊಡಿ, ಆದರೆ ಟ್ರಾನ್ಸ್‌ಫಾರ್ಮರ್ ಯಾವಾಗ ಬರುತ್ತದೆ ಅಂತ ನಾನು ಮಾತು ಕೊಡಲ್ಲ. ಯಾರ ಹತ್ತಿರವಾದರೂ ಇಂಡಕ್ಷನ್ ಎರವಲು ತಂದು ಮೊದಲು ಪರೀಕ್ಷೆ ಮಾಡಿ. ಎರಡು ಲೀಟರ್ ತಣ್ಣೀರು ಮುಚ್ಚಿಟ್ಟು ಕುದಿಸಿ, ಮನೆಯ ಬೇರೆ ಎಲ್ಲ ಆರಿಸಿ ಮೀಟರ್ ಮುಂಚೆ ಆಮೇಲೆ ಓದಿ. ಐದನೇ ಒಂದು ಯೂನಿಟ್ ಆಸುಪಾಸು ಬರಬೇಕು. ಬೆಳಗ್ಗೆ ಒಂದು ಸಲ, ಸಂಜೆ ಏಳಕ್ಕೆ ಒಂದು ಸಲ. ಸಂಜೆ ಕುದಿಯೋಕೆ ತುಂಬ ಹೊತ್ತು ಹಿಡಿದರೆ ಅಥವಾ ಮಧ್ಯದಲ್ಲೇ ನಿಂತರೆ ಆ ಹೊತ್ತಿಗೆ ಅದನ್ನು ನಂಬಬೇಡಿ.

ಕಾಫಿ ಕಟ್ಟೆ

ನನ್ನ ದೊಡ್ಡ ಇಂಡಕ್ಷನ್ ಮೂಲೆಯಲ್ಲಿ ಬಿದ್ದಿದೆ. ಯಾರಿಗಾದರೂ ಬೇಕಾದರೆ ಹೇಳಿ.

ಹಳೇ ವೈರ್‌ಮನ್, ಬೇಲೂರು

ಕಟ್ಟೆಯವರೇ, ಅದು ಮೂರೂವರೆ ಸಾವಿರ ವ್ಯಾಟಿನದಲ್ವಾ? ಅವರ ಮನೆ ಫ್ಯೂಸ್ ಹೋಗುತ್ತದೆ.

ಹೆತ್ತೂರು ಹುಡುಗ

ಬೇಡ ಅಣ್ಣ 😀 ಚಿಕ್ಕಪ್ಪನ ಮನೆಯಲ್ಲಿ ಒಂದು ಸಣ್ಣದಿದೆ, ಅದನ್ನೇ ಭಾನುವಾರ ಒಯ್ಯುತ್ತೇನೆ. ಮೇಸ್ತ್ರಿಯವರೇ, ಗೋಡೆಯಲ್ಲಿ ಹೊಸ ಬಾಯಿ ಎಷ್ಟು ಅಗಲ ತೆಗೆಸಲಿ? ಗೋಡೆ ಹಳೇ ಮಣ್ಣಿನ ಗೋಡೆ, ಎರಡಡಿ ದಪ್ಪ ಇದೆ. ತೂತು ಮಾಡಿದರೆ ಕುಸಿಯುತ್ತದಾ ಅಂತ ಅಪ್ಪ ಕೇಳುತ್ತಿದ್ದಾರೆ.